ಕನ್ನಡ–ಇಂಗ್ಲಿಷ್ ಬಿಲ್ಲಿಂಗ್ ಸಾಫ್ಟ್‌ವೇರ್: ಮೂರು ವರ್ಷ ಬಳಸಿದ ಮೇಲೆ (5ಕ್ಕೆ 3.5)

ತಿಪಟೂರಿನ ಕಡೆ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ. ಪೈಪು, ಫಿಟಿಂಗು, ಮೊಳೆ, ಬಣ್ಣ ಮಾರುತ್ತೇವೆ. ಗಿರಾಕಿಗಳಲ್ಲಿ ಅರ್ಧ ಜನ ತೋಟದವರು, ಉಳಿದವರು ಕಂಟ್ರಾಕ್ಟರುಗಳು. ತೋಟದವರಿಗೆ ಬಿಲ್ ಓದೋಕೆ ಬರಬೇಕು, ಕಂಟ್ರಾಕ್ಟರಿನ ಆಡಿಟರಿಗೆ ಬಿಲ್ ತಾಳೆಯಾಗಬೇಕು. ಒಂದೇ ಕಾಗದದಲ್ಲಿ ಇಬ್ಬರಿಗೂ ಸರಿಹೋಗಲಿ ಅಂತ ಈ ಸಾಫ್ಟ್‌ವೇರ್ ತಗೊಂಡೆ.

ಮೊದಲ ಪೆಟ್ಟು ಬಿದ್ದದ್ದು ಬಿಲ್ ನಂಬರಿನಲ್ಲಿ. ಎಲ್ಲ ಕನ್ನಡ ಮಾಡೋ ಹುಮ್ಮಸ್ಸಿನಲ್ಲಿ ನಂಬರಿನ ಮುಂದೆ ‘ಹಾ’ ಅಂತ ಹಾಕಿದ್ದೆ. ಸಾಫ್ಟ್‌ವೇರ್ ತಕರಾರಿಲ್ಲದೆ ತಗೊಂಡಿತು, ಪ್ರಿಂಟೂ ಚೆನ್ನಾಗಿ ಬಂತು. ತಿಂಗಳ ಕೊನೆಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಮಾರಾಟದ ರಿಟರ್ನು, ಅಂದರೆ ಜಿಎಸ್‌ಟಿಆರ್-1, ಹಾಕುವಾಗ ಆ ನಂಬರುಗಳು ಹೋಗಲಿಲ್ಲ. ನಿಯಮದ ಪ್ರಕಾರ ಬಿಲ್ ನಂಬರ್ 16 ಅಕ್ಷರ ಮೀರಬಾರದು. ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಓರೆಗೆರೆ ಬಿಟ್ಟರೆ ಪೋರ್ಟಲ್ ಬೇರೇನೂ ತಗೊಳ್ಳಲ್ಲ. ಲೆಕ್ಕ ಬರೆಯೋ ಹುಡುಗ ಫೈಲಿನಲ್ಲಿ ಎಲ್ಲವನ್ನೂ HA/24-25/0132 ಅಂತ ತಿದ್ದಿ ಕಳಿಸಿಬಿಟ್ಟ. ಮುಂದಿನ ತಿಂಗಳು ಕಂಟ್ರಾಕ್ಟರೊಬ್ಬರ ಆಡಿಟರ್ ಫೋನ್ ಮಾಡಿದರು: “ಸಾರ್, ನಿಮ್ಮ ಬಿಲ್ಲು ಪೋರ್ಟಲಿನ 2ಬಿ ಪಟ್ಟಿಯಲ್ಲಿ ಒಂದು ನಂಬರು, ಕಾಗದದಲ್ಲಿ ಇನ್ನೊಂದು. ಯಾವುದನ್ನ ಹಿಡೀಲಿ?” ಮುದ್ರಣವಾದ ನಂಬರೇ ಪೋರ್ಟಲ್‌ಗೂ ಹೋಗಬೇಕು. ಆವತ್ತಿನಿಂದ ನಂಬರು, ದಿನಾಂಕ, ಎರಡೂ ಕಡೆಯ ಜಿಎಸ್‌ಟಿ ನಂಬರು, ಎಚ್‌ಎಸ್‌ಎನ್ ಕೋಡು, ಎಲ್ಲ ಅಂಕಿ — ಇವನ್ನು ಇಂಗ್ಲಿಷಿನಲ್ಲೇ ಬಿಟ್ಟಿದ್ದೇನೆ. ಕನ್ನಡ ಅಂಕಿ ನೋಡೋಕೆ ಚೆಂದ, ಆದರೆ ಬಿಲ್ಲಿಗೆ ಬೇಡ. ಅಳತೆಯೂ ಹಾಗೇ: ಗಿರಾಕಿಗೆ ‘ಚೀಲ’ ಅಂತ ಕಂಡರೂ ಪೋರ್ಟಲ್‌ಗೆ ಹೋಗೋ ಫೈಲಿನಲ್ಲಿ BAG ಇರಲೇಬೇಕು. ಕಂಪನಿ ಗಿರಾಕಿಯ ಹೆಸರೂ ನೋಂದಣಿಯಲ್ಲಿ ಇದ್ದ ಸ್ಪೆಲಿಂಗಿನಲ್ಲೇ ಇರಲಿ, ಕನ್ನಡ ಬೇಕಿದ್ದರೆ ಕೆಳಗೆ ಇನ್ನೊಂದು ಸಾಲು.

ವಸ್ತುವಿನ ಹೆಸರಿಗೆ ಎರಡು ಸಾಲು ಬಹಳ ಉಪಯೋಗ. ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ. ಆದರೆ ತಾನೇ ಕನ್ನಡ ಮಾಡುವ ಬಟನ್ ಮುಟ್ಟಬೇಡಿ. ನನ್ನ ಬಿಲ್ಲಿನಲ್ಲಿ ಎಲ್ಬೋ ‘ಮೊಣಕೈ’ ಆಯಿತು, ಟೀ ‘ಚಹಾ’ ಆಯಿತು. ನಿಪ್ಪಲ್ ಏನಾಯಿತು ಅಂತ ಇಲ್ಲಿ ಬರೆಯೋಕಾಗಲ್ಲ. ಅಂಗಡಿಯಲ್ಲಿ ಹೇಳುವ ಹೆಸರನ್ನೇ ಕೈಯಲ್ಲಿ ಟೈಪ್ ಮಾಡಿ: ‘ಒಂದಿಂಚು ಎಲ್ಬೋ’, ‘ಎರಡಿಂಚು ಮೊಳೆ’. ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಹೊಡೆದಿದ್ದ ನಮ್ಮ ಐಟಂ ಪಟ್ಟಿಯನ್ನು ಎತ್ತಿ ಹಾಕಿದಾಗ ಬರೀ ಇಂಗ್ಲಿಷ್ ಅಕ್ಷರಗಳ ಕಸ ಬಂತು.

ನಾನು ಹೆಚ್ಚು ಬೈದದ್ದು ‘ಒಟ್ಟು’ ಅನ್ನೋ ಪದಕ್ಕೆ. ಒಬ್ಬ ಹಿರಿಯರು 240 ರೂಪಾಯಿಯ ಹತ್ತು ಪೈಪು, 15 ರೂಪಾಯಿಯ ಇಪ್ಪತ್ತು ಎಲ್ಬೋ ತಗೊಂಡರು. 2,700 ಆಯಿತು. ಕೇಂದ್ರದ್ದು ಶೇ. 9, ರಾಜ್ಯದ್ದು ಶೇ. 9, ತಲಾ 243. ಕೊಡಬೇಕಾದದ್ದು 3,186. ಸಾಫ್ಟ್‌ವೇರಿನವರು ತೆರಿಗೆಗೆ ಮುಂಚಿನ ಮೊತ್ತಕ್ಕೂ ‘ಒಟ್ಟು’, ಕೊನೆಯದಕ್ಕೂ ‘ಒಟ್ಟು’ ಅಂತ ಹಾಕಿದ್ದರು. ಹಿರಿಯರು ಮೇಲಿನದನ್ನೇ ಓದಿ 2,700 ಎಣಿಸಿಕೊಟ್ಟು ಎದ್ದರು. “ನೀನೇ ಬರೆದಿದ್ದೀಯಲ್ಲಪ್ಪ ಒಟ್ಟು ಅಂತ!” ಅವರ ಮಾತಲ್ಲಿ ತಪ್ಪಿರಲಿಲ್ಲ. ಈಗ ಮೇಲೆ ‘ತೆರಿಗೆಗೆ ಮುಂಚೆ’, ಕೆಳಗೆ ದಪ್ಪಕ್ಷರದಲ್ಲಿ ‘ಕೊಡಬೇಕಾದ ಮೊತ್ತ’. ಸೆಟಿಂಗಿನಲ್ಲಿ ಈ ಪದ ಬದಲಿಸಲು ಬಿಟ್ಟಿದ್ದಾರೆ, ಅದಕ್ಕೊಂದು ಅರ್ಧ ನಕ್ಷತ್ರ.

ಅಕ್ಷರದಲ್ಲಿ ಬರುವ ಮೊತ್ತ ಮಾತ್ರ ಇನ್ನೂ ಸರಿಯಾಗಿಲ್ಲ. ‘ಮೂರು ಸಾವಿರ ಒಂದು ನೂರು ಎಂಬತ್ತಾರು’ ಅಂತ ಬರುತ್ತದೆ. ಮೂರು ಸಾವಿರದ ನೂರಾ ಎಂಬತ್ತಾರು ಅನ್ನದ ಕನ್ನಡಿಗನನ್ನು ನಾನಂತೂ ನೋಡಿಲ್ಲ. ದೂರು ಕೊಟ್ಟು ವರ್ಷವಾಯಿತು. ಸದ್ಯಕ್ಕೆ ಆ ಸಾಲು ಇಂಗ್ಲಿಷಿನಲ್ಲೇ ಇದೆ.

ಪ್ರಿಂಟರ್ ವಿಚಾರ: ನಮ್ಮ ಮೂರಿಂಚಿನ ಥರ್ಮಲ್ ಪ್ರಿಂಟರಿಗೆ ಕನ್ನಡ ಅಕ್ಷರ ಗೊತ್ತಿಲ್ಲ, ಪ್ರಶ್ನೆ ಚಿಹ್ನೆಗಳನ್ನು ಹೊಡೆಯುತ್ತಿತ್ತು. ಬಿಲ್ಲನ್ನು ಚಿತ್ರವಾಗಿ ಕಳಿಸೋ ಆಯ್ಕೆ ಆನ್ ಮಾಡಿದ ಮೇಲೆ ಒತ್ತಕ್ಷರವೂ ಸರಿಯಾಗಿ ಬಂತು, ಆದರೆ ನಿಧಾನ. ಸಂತೆ ದಿನ ಸಾಲು ಉದ್ದವಿದ್ದಾಗ ಇಂಗ್ಲಿಷ್ ಬಿಲ್ಲಿಗೇ ಇಳಿಯುತ್ತೇನೆ.

ಕೊಳ್ಳುವ ಮುಂಚೆ ಇದೊಂದು ಪರೀಕ್ಷಿಸಿ. ಯಾವುದಾದರೂ ಐಟಂನ ಕನ್ನಡ ಹೆಸರು ಬದಲಿಸಿ, ಹೋದ ತಿಂಗಳ ಬಿಲ್ ಮತ್ತೆ ಪ್ರಿಂಟ್ ಹೊಡೆಯಿರಿ. ನಮ್ಮದರಲ್ಲಿ ಹಳೆಯ ಬಿಲ್ಲಿನಲ್ಲೂ ಹೊಸ ಹೆಸರೇ ಬರುತ್ತದೆ. ಗಿರಾಕಿಯ ಕೈಯಲ್ಲಿರುವ ಪ್ರತಿಗೂ ನಮ್ಮ ಪ್ರತಿಗೂ ಹೆಸರು ಬೇರೆಯಾಗುತ್ತದೆ. ಅದಕ್ಕೇ ದಿನದ ಕೊನೆಗೆ ಅಂದಿನ ಬಿಲ್ಲುಗಳನ್ನೆಲ್ಲ ಪಿಡಿಎಫ್ ಮಾಡಿ ಬೇರೆ ಫೋಲ್ಡರಿಗೆ ಹಾಕಿಡುತ್ತಿದ್ದೇನೆ.