ಕೂದಲಿನ ಬಣ್ಣಕ್ಕೆ ಒಂದು ಲೇಯರ್ ಸಾಕೇ, ಮೂರು ಬೇಕೇ?

ತುಮಕೂರಿನ ನಮ್ಮ ಸ್ಟುಡಿಯೊಗೆ ಬಂದ ಮದುಮಗಳು ಆಲ್ಬಮ್‌ನಲ್ಲಿ ತಮ್ಮ ಕಪ್ಪು ಜಡೆ ತಾಮ್ರದ ಬಣ್ಣದಲ್ಲಿರಲಿ ಎಂದರು. ಫೋಟೊಶಾಪ್‌ನಲ್ಲಿ ಎರಡೂ ವಿಧಾನ ಮಾಡಿ ನೋಡಿದೆ. ಕಪ್ಪು ಕೂದಲಾದ್ದರಿಂದ ಮೊದಲು Curves ಬಳಸಿ ತುಸು ಬೆಳಗಿಸಲೇಬೇಕು, ಇಲ್ಲವಾದರೆ ಬಣ್ಣವೇ ಕಾಣುವುದಿಲ್ಲ.

Color ಮೋಡ್‌ನ ಒಂದೇ ಲೇಯರ್ ಬೇಗ ಮುಗಿಯುತ್ತದೆ. ಆದರೆ ಮಿನುಗುವ ಎಳೆಗೂ ಹೆಣಿಗೆಯ ಸಂದಿಗೂ ಒಂದೇ ಕೆಂಪು ಕೂತು, ವಿಗ್ ಇಟ್ಟಂತೆ ಕಾಣುತ್ತದೆ. ಮೊಬೈಲ್‌ನಲ್ಲಿ ಕಳಿಸುವ ಸಣ್ಣ ಚಿತ್ರಕ್ಕೆ ಅದು ಸಾಕು.

ಆಲ್ಬಮ್‌ನ ದೊಡ್ಡ ಪುಟಕ್ಕೆ ಲ್ಯುಮಿನಾಸಿಟಿ ಮಾಸ್ಕ್ ಬೇಕು. Channels ಫಲಕದಲ್ಲಿ RGB ಚಿತ್ರವನ್ನು Ctrl ಒತ್ತಿ ಕ್ಲಿಕ್ಕಿಸಿದರೆ ಬೆಳಕಿನ ಭಾಗ ಆಯ್ಕೆಯಾಗುತ್ತದೆ, ತಿರುಗಿಸಿದರೆ ನೆರಳು, ಎರಡನ್ನೂ Intersect ಮಾಡಿದರೆ ಮಧ್ಯಛಾಯೆ. ಒಂದೊಂದು ಆಯ್ಕೆಯನ್ನೂ ಒಂದೊಂದು ಲೇಯರ್‌ನ ಮಾಸ್ಕ್ ಮಾಡಿ, ಹೊಳಪಿಗೆ ಜೇನುಬಣ್ಣ, ನಡುವಿಗೆ ತಾಮ್ರ, ನೆರಳಿಗೆ ಕಡುಕಂದು ಕೊಟ್ಟಾಗ ಜಡೆಯ ಉಬ್ಬುತಗ್ಗು ಹಾಗೆಯೇ ಉಳಿಯಿತು. ಈ ಮಾಸ್ಕ್ ಮುಖ, ಸೀರೆಯನ್ನೂ ಹಿಡಿಯುತ್ತದೆ. ಆದ್ದರಿಂದ ಮೂರೂ ಲೇಯರ್‌ಗಳನ್ನು ಕೂದಲಿನ ಮಾಸ್ಕ್ ಇರುವ ಗುಂಪಿನೊಳಗೆ ಇಡಬೇಕು.