8 ಅಥವಾ 29? ಮೂರು ಆರ್‌ಸಿ ಹಂತಗಳ ಗೇನ್ ಲೆಕ್ಕಕ್ಕೆ ಮೂರು ದಾರಿ

10 ಕಿಲೋ ಓಮ್ ರೆಸಿಸ್ಟರ್ ಸರಣಿಯಲ್ಲಿ, ಅದರ ಮುಂದೆ 10 ನ್ಯಾನೋಫ್ಯಾರಡ್ ಕೆಪಾಸಿಟರ್ ನೆಲಕ್ಕೆ. ಇದು ಒಂದು ಹಂತ. ಇಂಥ ಮೂರು ಹಂತ ಒಂದರ ಹಿಂದೆ ಒಂದು ಜೋಡಿಸಿದರೆ ಒಟ್ಟು ವೋಲ್ಟೇಜ್ ಗೇನ್ ಎಷ್ಟು? ಫೇಸ್ ಶಿಫ್ಟ್ ಆಸಿಲೇಟರ್ ಮಾಡುವವರಿಗೆ ಈ ಲೆಕ್ಕ ಬೇಕೇ ಬೇಕು. ಫೇಸ್ 180 ಡಿಗ್ರಿ ತಿರುಗುವ ಕಡೆ ಸಿಗ್ನಲ್ ಎಷ್ಟು ಕುಗ್ಗುತ್ತದೋ, ಆಂಪ್ಲಿಫಯರ್ ಅಷ್ಟನ್ನು ತುಂಬಿಕೊಡಬೇಕು. ಇದೇ ಸರ್ಕ್ಯೂಟನ್ನು ಮೂರು ರೀತಿಯಲ್ಲಿ ಲೆಕ್ಕ ಹಾಕಿ, ಬ್ರೆಡ್‌ಬೋರ್ಡ್ ಮೇಲೆ ಸ್ಕೋಪ್ ಇಟ್ಟು ನೋಡಿದೆ.

ಮೊದಲ ದಾರಿ ಎಲ್ಲರಿಗೂ ಗೊತ್ತಿರುವುದು: ಒಂದೊಂದು ಹಂತದ ಗೇನ್ ಕಂಡುಹಿಡಿದು ಗುಣಿಸುವುದು. `s = jωRC` ಅಂತ ಇಟ್ಟುಕೊಂಡರೆ ಒಂದು ಹಂತಕ್ಕೆ `1/(1+s)`, ಮೂರಕ್ಕೆ `1/(1+s)³`. ಪ್ರತಿ ಹಂತವೂ 60 ಡಿಗ್ರಿ ಕೊಡಬೇಕು, ಅಂದರೆ `ωRC = √3`, ಸುಮಾರು 2757 ಹರ್ಟ್ಸ್. ಅಲ್ಲಿ ಸಿಗ್ನಲ್ 8 ಪಟ್ಟು ಕುಗ್ಗುತ್ತದೆ. ಅರ್ಧ ನಿಮಿಷದ ಕೆಲಸ. ಆದರೆ ಸ್ಕೋಪ್ ಒಪ್ಪುವುದಿಲ್ಲ. 2757 ಹರ್ಟ್ಸ್‌ನಲ್ಲಿ ಫೇಸ್ ಇನ್ನೂ 160ರ ಹತ್ತಿರ, ಸಿಗ್ನಲ್ ಆಗಲೇ 15 ಪಟ್ಟು ಚಿಕ್ಕದು. ಮುಂದಿನ ಹಂತ ಹಿಂದಿನದರಿಂದ ಕರೆಂಟ್ ಎಳೆಯುತ್ತದಲ್ವಾ, ಅದನ್ನು ಈ ಲೆಕ್ಕ ನೋಡುವುದೇ ಇಲ್ಲ.

ಎರಡನೆಯದು ನೋಡ್ ಸಮೀಕರಣ. ಮೂರು ನೋಡ್, ಮೂರು ಸಮೀಕರಣ. ಉತ್ತರ ಸರಿ ಬರುತ್ತದೆ. ಆದರೆ ಇನ್ನೊಂದು ಹಂತ ಸೇರಿಸಿದರೆ ಮತ್ತೆ ಮೊದಲಿಂದ ಬಿಡಿಸಬೇಕು.

ಮೂರನೆಯದು ಟ್ರಾನ್ಸ್‌ಮಿಷನ್ ಮ್ಯಾಟ್ರಿಕ್ಸ್. ಒಳಬರುವ ಕಡೆಯ ವೋಲ್ಟೇಜ್, ಕರೆಂಟ್ ಎರಡನ್ನೂ ಹೊರಹೋಗುವ ಕಡೆಯ ವೋಲ್ಟೇಜ್, ಕರೆಂಟ್‌ಗಳಿಂದ ಬರೆಯುತ್ತೇವೆ: `V1 = A·V2 + B·I2`, `I1 = C·V2 + D·I2`. ಇಲ್ಲಿ `I2` ಲೋಡ್ ಕಡೆಗೆ ಹೊರಗೆ ಹರಿಯುವ ಕರೆಂಟ್. ಹಾಗಾಗಿ ಅದೇ ಮುಂದಿನ ಹಂತದ `I1` ಆಗುತ್ತದೆ, ಮ್ಯಾಟ್ರಿಕ್ಸ್‌ಗಳನ್ನು ನೇರ ಗುಣಿಸಬಹುದು. ನಮ್ಮ ಒಂದು ಹಂತಕ್ಕೆ `A = 1+s`, `B = R`, `C = s/R`, `D = 1`. ಔಟ್‌ಪುಟ್ ತೆರೆದಿದ್ದರೆ `I2` ಸೊನ್ನೆ, ಗೇನ್ ಸುಮ್ನೆ `1/A`.

ಎರಡು ಹಂತ ಗುಣಿಸಿದರೆ `A = (1+s)² + s`. ಕೊನೆಯ ಆ `s` ಬಂದಿದ್ದು ಮೊದಲ ಹಂತದ `B` ಮತ್ತು ಎರಡನೆಯದರ `C` ಗುಣಿಸಿ. ಲೋಡಿಂಗ್ ಅಂದರೆ ಇದೇ, ಕಣ್ಣಿಗೆ ಕಾಣುವ ಹಾಗೆ ಒಂದು ಪದವಾಗಿ ನಿಂತಿದೆ. ಮೂರನೆಯದನ್ನೂ ಗುಣಿಸಿದರೆ `A = 1 + 6s + 5s² + s³`. ಫೇಸ್ 180 ಆಗಲು `ωRC = √6`, ಅಂದರೆ ಸುಮಾರು 3898 ಹರ್ಟ್ಸ್. ಅಲ್ಲಿ `A = 1 − 30 = −29`. ಆಸಿಲೇಟರ್‌ಗೆ 29 ಪಟ್ಟು ಗೇನ್ ಬೇಕು ಅನ್ನುವ ಪ್ರಸಿದ್ಧ ಸಂಖ್ಯೆ ಇಲ್ಲಿಂದ ಬರುತ್ತದೆ. ಬಿಡಿಭಾಗಗಳ ಟಾಲರೆನ್ಸ್ ಬಿಟ್ಟರೆ ಸ್ಕೋಪ್ ಹೇಳಿದ್ದೂ ಇದನ್ನೇ.

ಕಂಪ್ಯೂಟರ್‌ನಲ್ಲಿ:

```python
import numpy as np
R = 10e3
s = 1j * 6**0.5
T = np.array([[1+s, R], [s/R, 1]])
M = T @ T @ T
print(1/M[0,0])
print(M[0,0]*M[1,1] - M[0,1]*M[1,0])
```

ಎರಡನೇ ಪ್ರಿಂಟ್ ಸುಮ್ನೆ ಅಲ್ಲ. ರೆಸಿಸ್ಟರ್, ಕೆಪಾಸಿಟರ್ ಮಾತ್ರ ಇರುವ ಸರ್ಕ್ಯೂಟ್‌ನಲ್ಲಿ `AD − BC` ಯಾವಾಗಲೂ 1 ಇರಬೇಕು. `@` ಬದಲು `*` ಹಾಕಿದರೆ ನಂಪೈ ಒಂದೊಂದು ಅಂಕಿಯನ್ನು ಬೇರೆ ಬೇರೆ ಗುಣಿಸುತ್ತದೆ, ಎರರ್ ಕೊಡುವುದಿಲ್ಲ. ಮಜಾ ಏನೆಂದರೆ, ಆಗ ಬರುವ `A` ಸರಿಯಾಗಿ `(1+s)³`, ಅಂದರೆ ಮೊದಲ ದಾರಿಯ ತಪ್ಪು ಉತ್ತರ! ನಂಬುವ ಹಾಗೇ ಇರುತ್ತದೆ. 1 ಬಾರದ `AD − BC` ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ.

ಆದರೆ ಹಂತಗಳ ಕ್ರಮ ತಪ್ಪಿದರೆ ಈ ಪರೀಕ್ಷೆಯೂ ಹಿಡಿಯುವುದಿಲ್ಲ. ಎರಡು ಹಂತದಲ್ಲಿ ಎರಡನೆಯದರ ರೆಸಿಸ್ಟರ್ ಹತ್ತು ಪಟ್ಟು, ಕೆಪಾಸಿಟರ್ ಹತ್ತನೇ ಒಂದು ಭಾಗ ಮಾಡಿ. `ωRC = 1` ಇರುವಲ್ಲಿ ಸಿಗ್ನಲ್ 2.1 ಪಟ್ಟು ಮಾತ್ರ ಕುಗ್ಗುತ್ತದೆ. ಅದಲುಬದಲು ಮಾಡಿದರೆ 12 ಪಟ್ಟು. ಮ್ಯಾಟ್ರಿಕ್ಸ್‌ಗಳನ್ನು ಸೋರ್ಸ್‌ನಿಂದ ಲೋಡ್ ಕಡೆಗೆ, ಎಡದಿಂದ ಬಲಕ್ಕೆ ಬರೆಯಬೇಕು.

ಲೋಡ್ ಇದ್ದರೆ ಗೇನ್ `1/(A + B/ZL)`. ನಮ್ಮ ಮೂರು ಹಂತದ ಕೊನೆಗೆ 10 ಕಿಲೋ ಓಮ್ ಹಾಕಿದರೆ, ಅದೇ 3898 ಹರ್ಟ್ಸ್‌ನಲ್ಲಿ 29 ಇದ್ದದ್ದು 33.5 ಆಗುತ್ತದೆ, ಫೇಸ್ ಕೂಡ 163ಕ್ಕೆ ಇಳಿಯುತ್ತದೆ. ಮ್ಯಾಟ್ರಿಕ್ಸ್ ಗುಣಾಕಾರ ಮತ್ತೆ ಮಾಡಬೇಕಿಲ್ಲ. ನನಗೆ ಈ ದಾರಿ ಇಷ್ಟವಾಗಿದ್ದು ಮುಖ್ಯವಾಗಿ ಇದಕ್ಕೇ.

ಹಾಗಂತ ಮೊದಲ ದಾರಿಯನ್ನು ಬಿಸಾಡಬೇಕಿಲ್ಲ. ಹಂತಗಳ ನಡುವೆ ಒಳ್ಳೆಯ ಬಫರ್ ಇದ್ದರೆ ಅದೇ ಸರಿ, ಬೇಕಾದ ಗೇನ್ 8. ಐಡಿಯಲ್ ಬಫರ್‌ಗೆ `A` 1, ಉಳಿದ ಮೂರೂ ಸೊನ್ನೆ. ನಡುವೆ ಅದನ್ನಿಟ್ಟು ಗುಣಿಸಿದರೆ ಲೋಡಿಂಗ್ ಪದ ತಾನಾಗಿ ಬಿದ್ದುಹೋಗುತ್ತದೆ. ಆಗ `AD − BC` ಸೊನ್ನೆ ಬಂದರೆ ಗಾಬರಿ ಬೇಡ, ಬಫರ್ ಒಂದೇ ದಿಕ್ಕಿನದು.

ನಡುವಿನ ನೋಡ್‌ನ ವೋಲ್ಟೇಜ್ ಬೇಕಾದಾಗ, ಅಥವಾ ಕೊನೆಯಿಂದ ಮಧ್ಯದ ಹಂತಕ್ಕೆ ಫೀಡ್‌ಬ್ಯಾಕ್ ತಂತಿ ಇದ್ದಾಗ ನಾನು ನೋಡ್ ಸಮೀಕರಣವನ್ನೇ ಹಿಡಿಯುತ್ತೇನೆ. ಅಂಥ ತಂತಿ ಬಂದರೆ ಅದು ಸರಪಳಿಯೇ ಅಲ್ಲ, ಸುಮ್ನೆ ಗುಣಿಸಿದರೆ ಉತ್ತರ ಬರುವುದಿಲ್ಲ.