ಬಾಗಿಲ ಕಪಾಟೋ, ತೆರೆದ ಬುಟ್ಟಿಯೋ: ಹಾಲ್‌ನಲ್ಲಿ ಮಕ್ಕಳ ಆಟಿಕೆ ಇಡಲು ಯಾವುದು ನಡೀತದ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತೆರೆದ ಬುಟ್ಟಿಗೆ. ಮೊಣಕಾಲೆತ್ತರದ ಒಂದು ಗಿಡ್ಡ ರ‍್ಯಾಕು, ಅದರಲ್ಲಿ ಆಳ ಕಡಿಮೆ ಇರುವ ಐದಾರು ಪ್ಲಾಸ್ಟಿಕ್ ಬುಟ್ಟಿ, ಅಷ್ಟೇ. ಬಾಗಿಲಿರುವ ಕಪಾಟಿಗೂ ಹಾಲ್‌ನಲ್ಲಿ ಒಂದು ಕೆಲಸವಿದೆ. ಆದರೆ ಫರ್ನಿಚರ್ ಅಂಗಡಿಯಲ್ಲಿ "ಎಲ್ಲಾ ಒಳಗ ತುಂಬಿ ಬಾಗಿಲ ಹಾಕ್ರಿ, ಮುಗೀತು" ಎಂದು ಮಾರುತ್ತಾರಲ್ಲ, ಆ ಕೆಲಸಕ್ಕೆ ಅದು ಬರುವುದಿಲ್ಲ.

ಕಾರಣ ತಿಳಿಯಬೇಕಾದರೆ ಸಂಜೆ ಎತ್ತಿಡುವ ಹೊತ್ತಿನಲ್ಲಿ ನೆಲ ನೋಡಬೇಕು. ಆಟಿಕೆ ಯಾವಾಗಲೂ ಕಪಾಟಿನ ಮುಂದೆಯೇ ಹರಡಿರುತ್ತವೆ, ಯಾಕೆಂದರೆ ಕೂಸು ತೆಗೆದಲ್ಲೇ ಕೂತು ಆಡುತ್ತದೆ. ಕೀಲಿನ ಬಾಗಿಲು ತೆರೆಯಲು ಮುಂದೆ ಒಂದೂವರೆ ಅಡಿ ಖಾಲಿ ಜಾಗ ಬೇಕು. ಹಾಗಾಗಿ ಮೊದಲು ಸಾಮಾನು ಪಕ್ಕಕ್ಕೆ ಸರಿಸಬೇಕು, ಬಾಗಿಲು ತೆರೆಯಬೇಕು, ಒಳಗಿನ ಡಬ್ಬಿ ಎಳೆಯಬೇಕು, ತುಂಬಬೇಕು, ಡಬ್ಬಿ ಒಳಗೆ ತಳ್ಳಬೇಕು, ಬಾಗಿಲು ಹಾಕಬೇಕು. ತೆರೆದ ಬುಟ್ಟಿಗಾದರೆ ಎತ್ತುವುದು, ಹಾಕುವುದು, ಎರಡೇ. ಮೂರು ವರ್ಷದ ಮಗುವಿನ ಕೈಲಿ ಎರಡು ಕೆಲಸ ಆಗುತ್ತವೆ, ಆರು ಆಗುವುದಿಲ್ಲ. ಉಳಿದ ನಾಲ್ಕು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುವವರ ತಲೆಗೆ ಬರುತ್ತವೆ.

ಕಪಾಟಿನ ನಿಜವಾದ ಕಿರಿಕಿರಿ ಇದಲ್ಲ, ಬಾಗಿಲಿನ ಕೀಲು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕೊಳ್ಳುವಾಗ ಯಾರೂ ಅದರ ಕಡೆ ನೋಡುವುದಿಲ್ಲ.

ರೆಡಿಮೇಡ್ ಗಿಡ್ಡ ಕಪಾಟುಗಳು ಹೆಚ್ಚಾಗಿ ಪಾರ್ಟಿಕಲ್ ಬೋರ್ಡಿನವು, ಅಂದರೆ ಕಟ್ಟಿಗೆಯ ಪುಡಿ, ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ದಪ್ಪ 16ರಿಂದ 18 ಮಿಲಿಮೀಟರ್. ಬಾಗಿಲಿನ ಒಳಮೈಯಲ್ಲಿ 35 ಮಿಲಿಮೀಟರ್ ಅಗಲದ ದುಂಡು ಗುಳಿ ತೋಡಿ, ಅದರಲ್ಲಿ ಕೀಲಿನ ಬಟ್ಟಲು ಕೂರಿಸಿ, ಎರಡು ಗಿಡ್ಡ ಸ್ಕ್ರೂ ಹಾಕಿರುತ್ತಾರೆ. ದೊಡ್ಡವರು ತೆರೆದು ಹಾಕುವಾಗ ಇದು ವರ್ಷಗಟ್ಟಲೆ ಬಾಳುತ್ತದೆ. ಮಕ್ಕಳು ಹಾಗೆ ತೆರೆಯುವುದಿಲ್ಲ. ಬಾಗಿಲು ಹಿಡಿದು ಏಳುತ್ತಾರೆ, ಅದಕ್ಕೆ ಒರಗುತ್ತಾರೆ, ಜೋತು ಬೀಳುತ್ತಾರೆ. ಹದಿಮೂರು ಕಿಲೋದ ಕೂಸು ತೆರೆದ ಬಾಗಿಲ ತುದಿಗೆ ಭಾರ ಬಿಟ್ಟರೆ, ಅದಷ್ಟೂ ಸನ್ನೆಗೋಲಿನ ಹಾಗೆ ಮೀಟಿ ಆ ಗಿಡ್ಡ ಸ್ಕ್ರೂಗಳ ಮೇಲೆ ಬೀಳುತ್ತದೆ. ಪುಡಿ ಹಲಗೆಗೆ ಮರದ ಹಾಗೆ ಎಳೆ ಇಲ್ಲ. ಸ್ಕ್ರೂ ಒಮ್ಮೆ ಅಲುಗಾಡಿತು ಅಂದರೆ ತೂತಿನೊಳಗೆ ಹಿಟ್ಟು ಉದುರಿ ಹಿಡಿತ ಹೋಗುತ್ತದೆ.

ಲಕ್ಷಣ ಮೊದಲೇ ಕಾಣುತ್ತದೆ. ಎರಡು ಬಾಗಿಲು ಸೇರುವಲ್ಲಿ ಮೇಲಿನ ಅಂಚು ಎರಡು ಮೂರು ಮಿಲಿಮೀಟರ್ ಹೆಚ್ಚು ಕಡಿಮೆ ಆಗಿರುತ್ತದೆ, ಹಾಕುವಾಗ ಒಂದಕ್ಕೊಂದು ತಿಕ್ಕುತ್ತವೆ. ಕೀಲಿನ ಮೇಲಿರುವ ಹೊಂದಾಣಿಕೆಯ ಸ್ಕ್ರೂ ತಿರುಗಿಸಿ ನೋಡಿ. ವಾರ ಕಳೆದು ಮತ್ತೆ ಇಳಿಬಿದ್ದರೆ ಕೀಲಿನದು ತಪ್ಪಲ್ಲ, ತೂತು ಸತ್ತಿದೆ. ಆಗ ಬಹಳ ಮಂದಿ ಉದ್ದನೆಯ ಸ್ಕ್ರೂ ಹಾಕುತ್ತಾರೆ. ಹಲಗೆಯೇ ಅಷ್ಟು ತೆಳ್ಳಗಿರುವಾಗ ಅದರ ಮೊನೆ ಆಚೆ ಬದಿಗೆ ಬಂದು ಮಗುವಿನ ಕೈಗೆ ತಾಕುವ ಹಾಗೆ ನಿಲ್ಲುತ್ತದೆ. ಸರಿಯಾದ ದುರಸ್ತಿ ಎಂದರೆ, ತೂತಿಗೆ ಬಿದಿರಿನ ಸೀಳನ್ನು ಬಿಳಿ ಅಂಟಿನಲ್ಲಿ ಅದ್ದಿ ಬಿಗಿಯಾಗಿ ತುರುಕಿ, ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಆಮೇಲೆ ಹಳೆ ಸ್ಕ್ರೂವನ್ನೇ ಹಾಕುವುದು. ಕಪಾಟಿನ ಒಳಗೋಡೆಗೆ ಕೂರಿಸಿದ ಕೀಲಿನ ಪಟ್ಟಿ ಕಿತ್ತಿದ್ದರೆ ಅದನ್ನೂ ಬಾಗಿಲಿನ ಕೀಲನ್ನೂ ಒಂದೆರಡು ಇಂಚು ಸರಿಸಿ ಹೊಸ ಜಾಗದಲ್ಲಿ ಕೂರಿಸಬಹುದು, ಆದರೆ ಗುಳಿ ತೋಡಲು ಬಡಗಿ ಬೇಕು.

ನಮ್ಮ ಕಡೆ ಇದಕ್ಕೆ ನೀರೂ ಸೇರುತ್ತದೆ. ಕಲಬುರಗಿಯ ಮನೆಗಳಲ್ಲಿ ಶಹಾಬಾದ್ ಫರ್ಸಿಯ ನೆಲ. ಬೇಸಿಗೆಯಲ್ಲಿ ತಂಪಿಗೆಂದು ದಿನಕ್ಕೆರಡು ಸಲ ಒರೆಸುವವರೂ ಇದ್ದಾರೆ. ಕಪಾಟು ಕಾಲಿಲ್ಲದೆ ನೇರ ನೆಲದ ಮೇಲೆ ಕೂತಿದ್ದರೆ ಕೆಳಗಿನ ಅಂಚು ನೀರು ಕುಡಿದು ಉಬ್ಬುತ್ತದೆ, ಅಂಚಿನ ಪಟ್ಟಿ ಬಿಚ್ಚಿಕೊಳ್ಳುತ್ತದೆ, ಬಾಗಿಲು ಕೆಳಗೆ ತಾಕುತ್ತದೆ. ತಾಕಿದ ಬಾಗಿಲನ್ನು ಮಗು ಜಗ್ಗಿ ತೆಗೆಯುತ್ತದೆ, ಜಗ್ಗಿದಷ್ಟು ಕೀಲು ಸಡಿಲ. ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡು ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಕಪಾಟೇ ಬೇಕೆನ್ನುವವರು ನೀರು ತಡೆಯುವ ಬಿಡಬ್ಲ್ಯುಆರ್ ಪ್ಲೈವುಡ್ ಕೇಳಿ, ಕೆಳಗೆ ನಾಲ್ಕು ಇಂಚಿನ ಕಾಲು ಹಾಕಿಸಿ. ಕಸಬರಿಗೆಯೂ ಹೋಗುತ್ತದೆ, ಚೇಳು ಅಡಗಿದ್ದರೆ ಬಗ್ಗಿ ನೋಡಲೂ ಆಗುತ್ತದೆ. (ಯಾದಗಿರಿ ಕಡೆಯ ಕಂದಕೂರ ಗುಡ್ಡದಲ್ಲಿ ನಾಗರ ಪಂಚಮಿಯಂದು ಚೇಳನ್ನು ಕೈಯಲ್ಲಿ ಹಿಡಿದು ಪೂಜಿಸುತ್ತಾರೆ. ಹಾಲ್‌ನಲ್ಲಿ ಆ ಧೈರ್ಯ ಬೇಡ.)

ಸರಿಯುವ ಬಾಗಿಲು ಹಾಕಿಸಿದರೆ ಕೀಲಿನ ಕಾಟವಿಲ್ಲ, ಹಳಿಯಲ್ಲಿ ಮಣ್ಣು ತುಂಬುತ್ತದೆ. ಒತ್ತಿದರೆ ತೆರೆಯುವ ಲಾಕು ಮಕ್ಕಳಿಗೆ ಅದೇ ಒಂದು ಆಟಿಕೆ. ಮೇಲೆ ಮುಚ್ಚಳವಿರುವ ಪೆಟ್ಟಿಗೆಯ ಮುಚ್ಚಳ ಕೈ ಮೇಲೆ ಬೀಳುತ್ತದೆ, ಬೀಳದಿದ್ದರೆ ಅದರ ಮೇಲೆ ಒಗೆದ ಬಟ್ಟೆ ಬೀಳುತ್ತವೆ.

ತೆರೆದ ಬುಟ್ಟಿಗೂ ದೋಷವಿದೆ. ಎಲ್ಲಕ್ಕಿಂತ ದೊಡ್ಡದು ಆಳ. ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ಬಟ್ಟೆ ಹಾಕುವ ಒಂದೂವರೆ ಅಡಿ ಆಳದ ಟಬ್ಬು, "ಎಲ್ಲಾ ಹಿಡೀತದ" ಅಂತ ಅದನ್ನೇ ತರುತ್ತೇವೆ. ಅದರಲ್ಲಿ ಚೆಂಡು, ಟೆಡ್ಡಿ ಮೇಲೆ ನಿಲ್ಲುತ್ತವೆ, ಸಣ್ಣ ಕಾರು ತಳ ಸೇರುತ್ತದೆ. "ಅವ್ವಾ, ಕೆಂಪು ಕಾರ್ ಎಲ್ಲಿ ಅದ?" ಎಂದು ಕೇಳಿದ ಮಗು ಉತ್ತರ ಬರುವುದರೊಳಗೆ ಟಬ್ಬು ಬೋರಲು ಹಾಕಿರುತ್ತದೆ. ಒಂದು ಕಾರಿಗಾಗಿ ಎಂಬತ್ತು ಸಾಮಾನು ನೆಲಕ್ಕೆ. ಬುಟ್ಟಿ ಆರರಿಂದ ಏಳು ಇಂಚು ಆಳವಿದ್ದು, ಮುಕ್ಕಾಲು ಮಾತ್ರ ತುಂಬಿದ್ದರೆ ಮಗು ಒಂದು ಕೈಯಿಂದ ಕೆದಕಿಯೇ ತಳ ನೋಡುತ್ತದೆ, ಬೋರಲು ಹಾಕುವ ಪ್ರಮೇಯ ಬರುವುದಿಲ್ಲ. ಕೊಳ್ಳುವಾಗ ನಿಮ್ಮ ಅಂಗೈಯನ್ನು ಒಳಗೆ ನೆಟ್ಟಗೆ ನಿಲ್ಲಿಸಿ ನೋಡಿ: ಬೆರಳ ತುದಿ ತಳ ಮುಟ್ಟಿದಾಗ ಮಣಿಕಟ್ಟು ಬಾಯಿಯ ಹತ್ತಿರ ಇರಬೇಕು, ಮಣಿಕಟ್ಟಿನ ಮೇಲಕ್ಕೂ ಗೋಡೆ ಎದ್ದಿದ್ದರೆ ಅದು ಬಟ್ಟೆಗೇ ಸರಿ.

ಎರಡನೆಯದು ಧೂಳು. ಏಪ್ರಿಲ್‌ನಲ್ಲಿ ಕಿಟಕಿಗೆ ಕೂಲರ್ ಕೂರಿಸಿದ ಮೇಲೆ ಹೊರಗಿನ ಗಾಳಿಯ ಜೊತೆ ಕರಿಮಣ್ಣಿನ ಪುಡಿಯೂ ಒಳಗೆ ಬರುತ್ತದೆ, ಕಪಾಟಿನವರು ಇಲ್ಲಿ ಗೆಲ್ಲುತ್ತಾರೆ ಎಂದು ಒಪ್ಪಬೇಕು. ಇದಕ್ಕೆ ಖರ್ಚಿಲ್ಲದ ಪರಿಹಾರ ಇದೆ. ರ‍್ಯಾಕಿನ ಮೇಲಂಚಿಗೆ ಹಳೆ ಹತ್ತಿ ಚಾದರದ ತುಂಡನ್ನು ಮೊಳೆ ಹೊಡೆದು, ಕೆಳಗಿನ ಮಡಿಕೆಯಲ್ಲಿ ಒಂದು ಕೋಲು ತೂರಿಸಿ. ಹಗಲು ಸುತ್ತಿ ಮೇಲಿಟ್ಟರೆ ಬುಟ್ಟಿ ತೆರೆದಿರುತ್ತವೆ, ರಾತ್ರಿ ಇಳಿಬಿಟ್ಟರೆ ಮುಚ್ಚಿದಂತೆಯೇ. ಬೀಗರು ಬಂದಾಗಲೂ ಇದು ಸಾಕು. ಇನ್ನೊಂದು, ಪ್ರತಿ ಬುಟ್ಟಿಯ ತಳಕ್ಕೆ ಕಾಯಿಸಿದ ಸ್ಕ್ರೂಡ್ರೈವರ್‌ನಿಂದ ಐದಾರು ತೂತು ಮಾಡಿ, ಕಿಟಕಿ ಪಕ್ಕ ನಿಂತು ಮಾಡಿ, ಹೊಗೆ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಸಾಮಾನು ಸಮೇತ ನಲ್ಲಿ ಕೆಳಗೆ ಹಿಡಿದರೆ ಮಣ್ಣು ತೂತಿನಿಂದ ಹರಿದುಹೋಗುತ್ತದೆ. ಸೆಲ್ ಇರುವ ಆಟಿಕೆ ಮಾತ್ರ ಮೊದಲೇ ತೆಗೆದಿಡಿ.

ಹಾಗಾದರೆ ಕಪಾಟು ಯಾತಕ್ಕೆ? ಒಂದು ತುಂಡು ಹೋದರೆ ಆಟವೇ ಹೋಗುವ ಸಾಮಾನಿಗೆ: ಪಜಲ್, ಕೇರಂ ಕಾಯಿ, ಅಕ್ಷರದ ಬಿಲ್ಲೆ, ಬಣ್ಣ. ಮತ್ತು ಸಣ್ಣ ಕೂಸಿನ ಬಾಯಿಗೆ ಹೋಗಬಾರದ್ದಕ್ಕೆ. ಗುಂಡಿ ಸೆಲ್, ಬಿಡಿ ಅಯಸ್ಕಾಂತ ನುಂಗಿದರೆ ಪ್ರಾಣಕ್ಕೇ ಅಪಾಯ, ಅವನ್ನು ಚಿಲಕವಿರುವ ಮೇಲಿನ ಖಾನೆಯಲ್ಲೇ ಇಡಬೇಕು. ಒಂದು ಎಚ್ಚರಿಕೆ: ಬಿಸಿಲು ಬಡಿಯುವ ಪಡುವಣ ಗೋಡೆಗೆ ಕಪಾಟು ಒರಗಿಸಿದ್ದರೆ ಮೇ ತಿಂಗಳಲ್ಲಿ ಒಳಗೆ ಮೇಣದ ಬಣ್ಣದ ಕಡ್ಡಿ ಮೆತ್ತಗಾಗಿ ಅಂಟಿಕೊಳ್ಳುತ್ತವೆ. ರಬ್ಬರಿನಂಥ ಮೆತ್ತನೆ ಹಾವು, ಹಲ್ಲಿ ಗೊಂಬೆಗಳನ್ನು ಗಟ್ಟಿ ಪ್ಲಾಸ್ಟಿಕ್ ಕಾರಿಗೆ ತಾಗಿಸಿಟ್ಟರೆ, ಅವನ್ನು ಮೆತ್ತಗಿಡುವ ಎಣ್ಣೆಯಂಥ ಪದಾರ್ಥ ಕಾರಿಗೆ ಇಳಿದು ಎರಡೂ ಬೆಸೆದುಕೊಳ್ಳುತ್ತವೆ. ಬಿಡಿಸಿದರೆ ಕಾರಿನ ಮೇಲೆ ಹಾವಿನ ಗುರುತು ಅಚ್ಚು ಬಿದ್ದಿರುತ್ತದೆ.

ಈಗ ಒಂದು ಮಾಮೂಲಿ ಹಾಲ್ ತಗೊಳ್ಳೋಣ: ಹತ್ತಡಿ ಹದಿನಾಲ್ಕಡಿ, ಒಂದು ಗೋಡೆಗೆ ಟಿವಿ, ಮೂರು ಮತ್ತು ಆರು ವರ್ಷದ ಇಬ್ಬರು ಮಕ್ಕಳು. ರ‍್ಯಾಕು ಮೂರಡಿ ಅಗಲ, ಮುಂದಿನಿಂದ ಹಿಂದಕ್ಕೆ ಒಂದಡಿ, ಎರಡಡಿ ಎತ್ತರ, ಎರಡು ಖಾನೆ, ಖಾನೆಗೆ ಮೂರು ಬುಟ್ಟಿ. ಬುಟ್ಟಿಯ ಬಾಯಿಗೂ ಮೇಲಿನ ಹಲಗೆಗೂ ನಡುವೆ ಮೂರು ಇಂಚಾದರೂ ಸಂದಿ ಇರಲಿ. ಇಲ್ಲದಿದ್ದರೆ ಪ್ರತಿ ಸಲ ಬುಟ್ಟಿ ಹೊರಗೆ ಎಳೆಯಬೇಕಾಗಿ ಮತ್ತೆ ಕಪಾಟಿನ ಕಥೆಯೇ. ಕೆಳಗಿನ ಮೂರರಲ್ಲಿ ಚಿಕ್ಕದರ ಸಾಮಾನು: ಗಾಡಿಗಳು, ಗೊಂಬೆ, ಅಡಿಗೆ ಸೆಟ್. ಮೇಲೆ ಎರಡರಲ್ಲಿ ದೊಡ್ಡದರ ಬ್ಲಾಕ್ಸು ಮತ್ತು ಪ್ರಾಣಿಗಳು. ಆರನೆಯದು ಖಾಲಿ. ಎತ್ತಿಡುವಾಗ ಎಲ್ಲಿಯದು ಎಂದು ತಿಳಿಯದ ಚಕ್ರ, ಮುಚ್ಚಳ, ಗೊಂಬೆಯ ಕೈ ಎಲ್ಲ ಅದಕ್ಕೆ ಬೀಳಲಿ, ಭಾನುವಾರ ವಿಂಗಡಿಸಿದರಾಯಿತು. ಆ ಬುಟ್ಟಿ ಇಲ್ಲದಿದ್ದರೆ ಒಂದು ಚಕ್ರ ಕೈಯಲ್ಲಿ ಹಿಡಿದು ಯೋಚಿಸುತ್ತ ನಿಲ್ಲುವುದರಲ್ಲೇ ಹೊತ್ತು ಹೋಗುತ್ತದೆ. ಹಿಡಿಸದೆ ಉಳಿದದ್ದನ್ನು ಚೀಲ ಕಟ್ಟಿ ಅಟ್ಟಕ್ಕೆ ಹಾಕಿ, ತಿಂಗಳಿಗೊಮ್ಮೆ ಅದಲು ಬದಲು ಮಾಡಿ. ರ‍್ಯಾಕು ಗಿಡ್ಡದಾದರೂ ಮಗು ಮೆಟ್ಟಿಲು ಮಾಡಿ ಹತ್ತುತ್ತದೆ, ಹಿಂದೆ ಎರಡು ಎಲ್ ಪಟ್ಟಿ ಹಾಕಿ ಗೋಡೆಗೆ ಬಿಗಿಸಲೇಬೇಕು.

ಖರ್ಚಿನ ಲೆಕ್ಕದಲ್ಲೂ ಬುಟ್ಟಿಯೇ ಹಗುರ. ಬಡಗಿಯ ಹತ್ತಿರ ಉಳಿದ ಪ್ಲೈ ತುಂಡಿನಲ್ಲಿ ರ‍್ಯಾಕು ಆಗುತ್ತದೆ, ಬುಟ್ಟಿ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಪ್ಲಾಸ್ಟಿಕ್ ಅಂಗಡಿಗಳಲ್ಲಿ ಸಿಗುತ್ತವೆ. ಒಡೆದರೆ ಒಂದನ್ನೇ ಬದಲಾಯಿಸಬಹುದು, ಅದಕ್ಕೇ ಆರೂ ಒಂದೇ ಅಳತೆಯವು ಇರಲಿ, ಜೊತೆಗೆ ಎರಡು ಹೆಚ್ಚಿಗೆ ತಂದಿಡಿ. ಮುಂದಿನ ವರ್ಷ ಅದೇ ಅಚ್ಚಿನದು ಸಿಗುವ ಖಾತ್ರಿಯಿಲ್ಲ. ತಳದಲ್ಲಿ ತ್ರಿಕೋನದೊಳಗೆ 5 ಎಂದಿದ್ದರೆ ಅದು ಪಾಲಿಪ್ರೊಪಿಲಿನ್, ಸುಲಭಕ್ಕೆ ಒಡೆಯುವುದಿಲ್ಲ. ಏನೂ ಬರೆಯದ ಕಪ್ಪು ಬಣ್ಣದ ಅಗ್ಗದ ಬುಟ್ಟಿಗಳು ಕಿಟಕಿಯ ಬಿಸಿಲಿಗೆ ಒಂದೆರಡು ಬೇಸಿಗೆಯಲ್ಲೇ ಪೆಡಸಾಗಿ ಅಂಚು ಸೀಳುತ್ತವೆ, ಸೀಳಿದ ಅಂಚು ಬೆರಳು ಕೊಯ್ಯುತ್ತದೆ. ಮನೆಯಲ್ಲಿ ಆಗಲೇ ಕಪಾಟು ಇದ್ದವರು ಹೊಸದಕ್ಕೆ ದುಡ್ಡು ಹಾಕಬೇಡಿ. ಕೆಳಗಿನ ಎರಡು ಬಾಗಿಲು ಕೀಲು ಸಮೇತ ಬಿಚ್ಚಿ ಮಂಚದ ಕೆಳಗೆ ತಳ್ಳಿ, ಆ ಖಾನೆಗೆ ಬುಟ್ಟಿ ಇಡಿ. ಸ್ಕ್ರೂಗಳನ್ನು ಒಂದು ಪೊಟ್ಟಣದಲ್ಲಿ ಕಟ್ಟಿ ಬಾಗಿಲಿಗೇ ಅಂಟಿಸಿಡಿ, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಹಾಕಬಹುದು.